ಸ್ಲೈಡ್‌ನಲ್ಲಿ ಇರೋದನ್ನೇ ಮತ್ತೆ ಬರೆಯದೆ ಕ್ಯಾರೊಸೆಲ್‌ಗೆ ಕ್ಯಾಪ್ಷನ್ ಬರೆಯುವುದು ಹೇಗೆ?

“ಹೇಳಬೇಕಾದ್ದೆಲ್ಲ ಸ್ಲೈಡ್‌ಗಳಲ್ಲೇ ಹೇಳಿಬಿಟ್ಟಿದ್ದೇನೆ. ಇನ್ನು ಕ್ಯಾಪ್ಷನ್‌ನಲ್ಲಿ ಏನು ಬರೆಯಲಿ?” ಮಾಹಿತಿ ಕೊಡುವ ಕ್ಯಾರೊಸೆಲ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಉತ್ತರ ಸಿಗದಿದ್ದಾಗ ಹೆಚ್ಚಿನವರು ಸ್ಲೈಡ್‌ಗಳ ಸಾಲುಗಳನ್ನೇ ಕಾಪಿ ಮಾಡಿ, ನಡುವೆ ಒಂದೆರಡು ಇಮೋಜಿ ಸೇರಿಸಿ, ಕೆಳಗೆ ಹಾಕಿಬಿಡುತ್ತಾರೆ. ಏಳು ಸ್ಲೈಡ್ ಸ್ವೈಪ್ ಮಾಡಿ, ಇನ್ನೂ ಏನಾದರೂ ಇದೆಯಾ ಅಂತ ಕ್ಯಾಪ್ಷನ್ ತೆರೆದ ಓದುಗರಿಗೆ ಅಲ್ಲಿ ಹೊಸದೇನೂ ಸಿಗುವುದಿಲ್ಲ. ನಿಮ್ಮ ವಿಷಯದಲ್ಲಿ ಅತಿ ಹೆಚ್ಚು ಆಸಕ್ತಿ ಇರುವುದು ಆ ಓದುಗರಿಗೇ ಅಲ್ವಾ?

ಇಲ್ಲಿ ಮಾತಾಡುತ್ತಿರುವುದು ಮುಖ್ಯವಾಗಿ ಇನ್‌ಸ್ಟಾಗ್ರಾಂ ಕ್ಯಾರೊಸೆಲ್ ಬಗ್ಗೆ. ಅಂದರೆ ಒಂದೇ ಪೋಸ್ಟ್‌ನಲ್ಲಿ ಪಕ್ಕಕ್ಕೆ ಸರಿಸುತ್ತಾ ನೋಡುವ ಹಲವು ಚಿತ್ರಗಳ ಸಾಲು. ಅದರಲ್ಲೂ ಚಿತ್ರದ ಮೇಲೆ ಅಕ್ಷರ ಇರುವ, ಏನನ್ನೋ ಹೇಳಿಕೊಡುವ ಕ್ಯಾರೊಸೆಲ್. ಬರೀ ಫೋಟೋಗಳ ಸಾಲಿಗೆ ಈ ತಲೆನೋವು ಇಲ್ಲ. ಅಲ್ಲಿ ಕ್ಯಾಪ್ಷನ್ ಏನು ಹೇಳಿದರೂ ಅದು ಹೊಸದೇ.

ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಮನೆಯೊಳಗಿನ ಕುಂಡದ ಗಿಡದ ಎಲೆ ಹಳದಿಯಾದರೆ ಏನು ಮಾಡಬೇಕು ಅನ್ನುವ ಏಳು ಸ್ಲೈಡ್‌ಗಳ ಕ್ಯಾರೊಸೆಲ್ ನಮ್ಮದು ಅಂದುಕೊಳ್ಳಿ.

ಶುರು ಮಾಡುವ ಮುನ್ನ ಬೇಕಾದ್ದು

ಸ್ಲೈಡ್‌ಗಳ ಅಂತಿಮ ಪಠ್ಯ ಮತ್ತು ಸ್ಲೈಡ್ ಮಾಡುವಾಗ ನೀವು ಬರೆದು ಅಳಿಸಿದ ಕರಡು, ಇವೆರಡು ಸಾಕು. ಆ ಕರಡನ್ನು ದಯವಿಟ್ಟು ಎಸೆಯಬೇಡಿ. ಒಳ್ಳೆಯ ಕ್ಯಾಪ್ಷನ್‌ನ ಮುಕ್ಕಾಲು ಭಾಗ ಅದರಲ್ಲೇ ಇರುತ್ತದೆ. ಸ್ಲೈಡ್‌ನಲ್ಲಿ ಜಾಗ ಸಾಲದೆ ನೀವು ತೆಗೆದ ಕಾರಣಗಳು, ‘ಆದರೆ’ಗಳು, ‘ಒಂದು ವೇಳೆ’ಗಳು ಎಲ್ಲ ಅಲ್ಲಿವೆ.

ಎರಡು ಮಿತಿಗಳು ಗೊತ್ತಿರಲಿ. ಇನ್‌ಸ್ಟಾಗ್ರಾಂನಲ್ಲಿ ಒಂದು ಕ್ಯಾಪ್ಷನ್‌ಗೆ 2,200 ಅಕ್ಷರಗಳವರೆಗೆ ಅವಕಾಶ. ಕನ್ನಡದಲ್ಲಿ ಬರೆಯುವವರಿಗೆ ಇದು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತದೆ. ಕಂಪ್ಯೂಟರ್ ಲೆಕ್ಕದಲ್ಲಿ ಕೊಂಬು, ಇಳಿ, ಒತ್ತು ಎಲ್ಲವೂ ಬೇರೆ ಬೇರೆ ಅಕ್ಷರಗಳು. ‘ಕ್ಯಾ’ ಅನ್ನುವ ಒಂದೇ ಅಕ್ಷರ ಅಲ್ಲಿ ನಾಲ್ಕಾಗುತ್ತದೆ. ಎರಡನೆಯ ಮಿತಿ ಇನ್ನೂ ಮುಖ್ಯವಾದದ್ದು: ಫೀಡ್‌ನಲ್ಲಿ ಕ್ಯಾಪ್ಷನ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು “more” ಹಿಂದೆ ಮಡಚಿಕೊಂಡಿರುತ್ತದೆ. ಆ ಒಂದೆರಡು ಸಾಲಿನಲ್ಲೂ ಸ್ವಲ್ಪ ಜಾಗವನ್ನು ನಿಮ್ಮ ಖಾತೆಯ ಹೆಸರು ತಿನ್ನುತ್ತದೆ.

1. ಪ್ರತಿ ಸ್ಲೈಡ್ ಏನು ಹೇಳುತ್ತಿದೆ ಅಂತ ಒಂದೊಂದು ಸಾಲಿನಲ್ಲಿ ಬರೆಯಿರಿ

ಸ್ಲೈಡ್‌ಗಳನ್ನು ನೋಡುತ್ತಾ ಖಾಲಿ ಹಾಳೆಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಹೀಗಿದೆ:

ಸ್ಲೈಡ್ 1: ಎಲೆ ಹಳದಿಯಾಗ್ತಿದೆಯಾ? ಮೊದಲು ನೀರು ಹಾಕೋದು ನಿಲ್ಲಿಸಿ.
ಸ್ಲೈಡ್ 2: ಸಾಮಾನ್ಯ ಕಾರಣ ನೀರು ಕಡಿಮೆಯಾಗಿದ್ದಲ್ಲ, ಜಾಸ್ತಿಯಾಗಿದ್ದು.
ಸ್ಲೈಡ್ 3: ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ತೇವ ಇದ್ದರೆ ನೀರು ಬೇಡ.
ಸ್ಲೈಡ್ 4: ಕುಂಡದ ತಳದ ತೂತು ಕಟ್ಟಿಕೊಂಡಿದೆಯಾ ನೋಡಿ.
ಸ್ಲೈಡ್ 5: ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ.
ಸ್ಲೈಡ್ 6: ಬೇರು ನೋಡಿ. ಗಟ್ಟಿಯಾಗಿ ಬೆಳ್ಳಗಿದ್ದರೆ ಸರಿ. ಕಂದಾಗಿ, ಮೆತ್ತಗಾಗಿ, ವಾಸನೆ ಬಂದರೆ ಕೊಳೆತಿದೆ.
ಸ್ಲೈಡ್ 7: ಸೇವ್ ಮಾಡಿಟ್ಟುಕೊಳ್ಳಿ.

ಈ ಪಟ್ಟಿ ಈಗ ನಿಮ್ಮ ‘ಬೇಡ’ ಪಟ್ಟಿ. ಇದರಲ್ಲಿರುವ ಯಾವ ವಾಕ್ಯವೂ ಕ್ಯಾಪ್ಷನ್‌ಗೆ ಬರಬಾರದು, ಮಾತು ಬದಲಿಸಿ ಬಂದರೂ ಸರಿಯಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ‘ನೀರು ಜಾಸ್ತಿಯಾಗಿದೆ’ ಅನ್ನುವುದನ್ನು ‘ಅತಿಯಾಗಿ ನೀರುಣಿಸುತ್ತಿದ್ದೀರಿ’ ಅಂತ ಬರೆದರೆ ಅದು ಹೊಸ ವಾಕ್ಯ ಅನ್ನಿಸುತ್ತದೆ. ಓದುವವರಿಗೆ ಅದು ಹಳೆಯದೇ.

2. ಸ್ಲೈಡ್‌ಗಳಲ್ಲಿ ಬಿಟ್ಟುಹೋದದ್ದನ್ನು ಹುಡುಕಿ

ಈಗ ಮತ್ತೆ ಒಂದೊಂದು ಸ್ಲೈಡ್ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ. ಯಾಕೆ? ಯಾವಾಗ ಇದು ಅನ್ವಯಿಸುವುದಿಲ್ಲ? ಇದನ್ನು ಮಾಡಿದ ಮೇಲೆ ಏನಾಗುತ್ತದೆ?

ಸ್ಲೈಡ್ ಅನ್ನುವುದು ‘ಏನು ಮಾಡಬೇಕು’ ಅಂತ ಹೇಳೋಕೆ ಚೆನ್ನಾಗಿ ಒಗ್ಗುತ್ತದೆ. ದೊಡ್ಡ ಅಕ್ಷರ, ಕಡಿಮೆ ಮಾತು, ಒಂದು ಚಿತ್ರ. ಆದರೆ ಕಾರಣ ಹೇಳಬೇಕಾದರೆ ಒಂದು ವಾಕ್ಯ ಇನ್ನೊಂದಕ್ಕೆ ಜೋಡಿಕೊಳ್ಳಬೇಕು. ವಿನಾಯಿತಿ ಹೇಳಬೇಕಾದರೆ ‘ಹೀಗಿದ್ದರೆ ಹಾಗೆ’ ಅನ್ನಬೇಕು. ಇವೆರಡಕ್ಕೂ ಸಾಲುಗಳು ಬೇಕು, ಆ ಸಾಲುಗಳಿಗೆ ಜಾಗ ಇರುವುದು ಕ್ಯಾಪ್ಷನ್‌ನಲ್ಲಿ.

ನಮ್ಮ ಗಿಡದ ಸ್ಲೈಡ್‌ಗಳಿಗೆ ಈ ಪ್ರಶ್ನೆ ಕೇಳಿದರೆ ಸಿಗುವುದು ಇಷ್ಟು:

ನೀರು ಜಾಸ್ತಿಯಾದರೆ ಎಲೆ ಯಾಕೆ ಹಳದಿಯಾಗುತ್ತದೆ? ಬೇರಿಗೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಿನ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಗಾಳಿ ಸಿಗುವುದಿಲ್ಲ.

ಇದು ಯಾವಾಗ ಅನ್ವಯಿಸುವುದಿಲ್ಲ? ತೀರಾ ಕೆಳಗಿನ ಹಳೆಯ ಎಲೆ ಒಂದೇ ಹಳದಿಯಾಗಿ, ಉಳಿದ ಗಿಡ ಚೆನ್ನಾಗಿದ್ದರೆ ಅದು ಬರೀ ವಯಸ್ಸಾದ ಎಲೆ ಆಗಿರಬಹುದು. ಹಾಗೆಯೇ, ಬೆರಳಿಗೆ ಮಣ್ಣು ಪೂರ್ತಿ ಒಣಗಿದೆ ಅನ್ನಿಸಿದರೆ ಗಿಡಕ್ಕೆ ನೀರು ಬೇಕೇ ಬೇಕು.

ಮಾಡಿದ ಮೇಲೆ ಏನಾಗುತ್ತದೆ? ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ. ಗಿಡ ಸುಧಾರಿಸಿತಾ ಅಂತ ತಿಳಿಯಲು ಹೊಸ ಚಿಗುರು ನೋಡಬೇಕು.

ಕರಡಿನಲ್ಲಿ ಗೊಬ್ಬರದ ಕೊರತೆಯ ಬಗ್ಗೆಯೂ ಒಂದು ಪ್ಯಾರಾ ಇತ್ತು ಅಂದುಕೊಳ್ಳಿ. ಅದನ್ನು ಇಲ್ಲಿಗೆ ಎಳೆದು ತರಬೇಡಿ. ಅದು ಇನ್ನೊಂದು ಕ್ಯಾರೊಸೆಲ್‌ನ ವಿಷಯ. ಸ್ಲೈಡ್‌ಗಳು ಎತ್ತಿದ ಪ್ರಶ್ನೆಗೆ ಉತ್ತರ ಕೊಡುವುದು ಮಾತ್ರ ಈ ಕ್ಯಾಪ್ಷನ್‌ಗೆ ಸೇರುತ್ತದೆ.

3. ಯಾವುದು ಸ್ಲೈಡ್‌ಗೇ ವಾಪಸ್ ಹೋಗಬೇಕು ಅಂತ ನೋಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಗಮನ ಬೇಡುವುದು ಇದೇ.

ಸ್ಲೈಡ್ ಮತ್ತು ಕ್ಯಾಪ್ಷನ್ ಯಾವಾಗಲೂ ಜೊತೆಯಲ್ಲೇ ಇರುತ್ತವೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಜನ ಒಂದು ಸ್ಲೈಡ್‌ನ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಕಳಿಸುತ್ತಾರೆ. ಅದರಲ್ಲಿ ಕ್ಯಾಪ್ಷನ್ ಇರುವುದಿಲ್ಲ. ಇನ್ನೂ ಎಷ್ಟೋ ಜನ ಸ್ವೈಪ್ ಮಾಡಿ ಮುಗಿಸಿ, “more” ಒತ್ತದೆ ಮುಂದೆ ಹೋಗುತ್ತಾರೆ. ಹಾಗಾಗಿ ಪ್ರತಿ ಅಂಶಕ್ಕೂ ಕೇಳಿ: ಕ್ಯಾಪ್ಷನ್ ಓದದೆ, ಬರೀ ಸ್ಲೈಡ್ ನೋಡಿ ಒಬ್ಬರು ಇದನ್ನು ಮಾಡಿದರೆ ಅವರಿಗೆ ತೊಂದರೆ ಆಗುತ್ತದಾ? ‘ಹೌದು’ ಅಂತಾದರೆ ಆ ಮಾತು ಸ್ಲೈಡ್‌ನ ಒಳಗೇ ಇರಬೇಕು.

ನಮ್ಮ ಉದಾಹರಣೆ ನೋಡಿ. ಮೊದಲ ಸ್ಲೈಡ್ ‘ನೀರು ಹಾಕೋದು ನಿಲ್ಲಿಸಿ’ ಅನ್ನುತ್ತದೆ. ಮೂರನೆಯದು ‘ತೇವ ಇದ್ದರೆ ಬೇಡ’ ಅನ್ನುತ್ತದೆ. ಮಣ್ಣು ಒಣಗಿದ್ದರೆ ಏನು ಮಾಡಬೇಕು ಅಂತ ಎಲ್ಲೂ ಇಲ್ಲ. ಒಣಗಿದ ಕುಂಡ ಇಟ್ಟುಕೊಂಡವರು ಈ ಸ್ಲೈಡ್‌ಗಳನ್ನು ನಂಬಿ ನೀರು ನಿಲ್ಲಿಸಿದರೆ ಗಿಡ ಸಾಯುತ್ತದೆ. ಇದನ್ನು ಕ್ಯಾಪ್ಷನ್‌ನ ನಾಲ್ಕನೆಯ ಪ್ಯಾರಾದಲ್ಲಿ ಹೇಳಿದರೆ ಸಾಲದು. ಎರಡೂ ಸ್ಲೈಡ್‌ಗಳನ್ನು ತಿದ್ದಬೇಕು:

> ಸ್ಲೈಡ್ 1: ಎಲೆ ಹಳದಿಯಾಗ್ತಿದೆಯಾ? ನೀರು ಹಾಕುವ ಮುನ್ನ ಮಣ್ಣು ಮುಟ್ಟಿ ನೋಡಿ.
>
> ಸ್ಲೈಡ್ 3: ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ತೇವ ಇದ್ದರೆ ನೀರು ಬೇಡ. ಒಣಗಿದ್ದರೆ ಹಾಕಿ.

ಔಷಧಿ, ಹಣ, ವಿದ್ಯುತ್, ಮಕ್ಕಳ ಆರೈಕೆ ಇಂಥ ವಿಷಯಗಳಲ್ಲಿ ಈ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿರಲಿ. ‘ವಿವರ ಕ್ಯಾಪ್ಷನ್‌ನಲ್ಲಿದೆ’ ಅಂತ ಸ್ಲೈಡ್‌ನಲ್ಲಿ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲ. ಹೆಚ್ಚುವರಿ ತಿಳಿವಳಿಕೆ ಕ್ಯಾಪ್ಷನ್‌ಗೆ ಬರಲಿ. ಎಚ್ಚರಿಕೆಯ ಜಾಗ ಸ್ಲೈಡ್.

4. ಉಳಿದದ್ದರಲ್ಲಿ ಒಂದನ್ನು ಮುಂದೆ ನಿಲ್ಲಿಸಿ

ಈಗ ನಮ್ಮ ಕೈಯಲ್ಲಿ ಮೂರು ಉಳಿದಿವೆ: ಬೇರಿನ ಕಾರಣ, ವಯಸ್ಸಾದ ಎಲೆ, ಹೊಸ ಚಿಗುರಿನ ಗುರುತು. ಮೂರನ್ನೂ ಒಂದೇ ತೂಕದಲ್ಲಿ ಬರೆದರೆ ಕ್ಯಾಪ್ಷನ್ ಇನ್ನೊಂದು ಪಟ್ಟಿಯಾಗುತ್ತದೆ. ಸ್ಲೈಡ್‌ಗಳು ಈಗಾಗಲೇ ಒಂದು ಪಟ್ಟಿ. ಎರಡನೆಯ ಪಟ್ಟಿ ಯಾರಿಗೂ ಬೇಡ.

ಆಯ್ಕೆ ಮಾಡುವುದು ಹೇಗೆ? ಏಳನೆಯ ಸ್ಲೈಡ್ ಮುಗಿಸಿದ ಓದುಗರ ಜಾಗದಲ್ಲಿ ನಿಂತು ನೋಡಿ. ಅವರ ತಲೆಯಲ್ಲಿ ಈಗ ಬರುವ ಪ್ರಶ್ನೆ ಯಾವುದು? ನಮ್ಮ ಗಿಡದ ವಿಷಯದಲ್ಲಿ ಅದು ‘ಇಷ್ಟೆಲ್ಲ ಮಾಡಿದೆ, ಎಲೆ ಇನ್ನೂ ಹಳದಿಯಾಗೇ ಇದೆಯಲ್ಲ?’ ಅನ್ನುವುದು. ಹಾಗಾಗಿ ಚಿಗುರಿನ ಗುರುತು ಮುಂದೆ ಬರಲಿ. ಕಾರಣ ಅದರ ಹಿಂದೆ. ವಯಸ್ಸಾದ ಎಲೆಯ ಮಾತು ಒಂದೆರಡು ವಾಕ್ಯದಲ್ಲಿ ಮುಗಿದರೆ ಸಾಕು.

ವಿಷಯ ಬೇರೆಯಾದರೆ ಮುಂದೆ ಬರುವುದೂ ಬೇರೆಯಾಗುತ್ತದೆ. ಸ್ಲೈಡ್‌ಗಳು ಒಂದು ಅಭಿಪ್ರಾಯ ಮಂಡಿಸಿದ್ದರೆ ‘ನೀವು ಈ ತೀರ್ಮಾನಕ್ಕೆ ಹೇಗೆ ಬಂದಿರಿ’ ಅನ್ನುವುದು ಮುಂದೆ ಬರಬೇಕು. ಅಂಕಿ ಅಂಶ ತೋರಿಸಿದ್ದರೆ, ಆ ಅಂಕಿ ಎಲ್ಲಿಂದ ಬಂತು, ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಅನ್ನುವುದು.

5. ಮೊದಲ ಸಾಲು ಬರೆಯಿರಿ

“more” ಮುನ್ನ ಕಾಣುವ ಸಾಲಿಗೆ ಎರಡು ಕೆಲಸ ಇದೆ. ಸ್ಲೈಡ್‌ನಲ್ಲಿ ಇಲ್ಲದ ಏನೋ ಕೆಳಗಿದೆ ಅಂತ ಅದು ತೋರಿಸಬೇಕು. ತನ್ನಷ್ಟಕ್ಕೆ ಓದಿದರೂ ಅದಕ್ಕೆ ಅರ್ಥ ಇರಬೇಕು.

ಮೊದಲ ಸ್ಲೈಡ್‌ನ ಹುಕ್ ಅನ್ನು, ಅಂದರೆ ಕಣ್ಣನ್ನು ಹಿಡಿದು ನಿಲ್ಲಿಸುವ ಆ ದೊಡ್ಡ ಸಾಲನ್ನು, ಕ್ಯಾಪ್ಷನ್‌ನ ಮೊದಲ ಸಾಲಾಗಿಯೂ ಹಾಕುವುದು ತುಂಬ ಸಾಮಾನ್ಯ. ಫೀಡ್‌ನಲ್ಲಿ ಇವೆರಡೂ ಒಂದರ ಕೆಳಗೆ ಒಂದು ಕಾಣುತ್ತವೆ. ಒಂದೇ ಮಾತು ಎರಡು ಸಲ ಕಂಡರೆ, ಕೆಳಗಿರುವುದೂ ಅದೇ ಅಂತ ಓದುಗರು ತೀರ್ಮಾನಿಸಿಬಿಡುತ್ತಾರೆ.

ಇನ್ನೊಂದು ಸಂಗತಿ. ಮೊದಲ ಸಲ ಸ್ವೈಪ್ ಮಾಡದೆ ದಾಟಿ ಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಕ್ಯಾರೊಸೆಲ್ ಅನ್ನು ಮುಂದಿನ ಸ್ಲೈಡ್‌ನಿಂದ ಮತ್ತೆ ತೋರಿಸುವುದುಂಟು. ಆಗ ನಿಮ್ಮ ಮೊದಲ ಸಾಲು ಎರಡನೆಯ ಸ್ಲೈಡ್‌ನ ಕೆಳಗೆ ಕಾಣುತ್ತದೆ. ಆದ್ದರಿಂದ ‘ಮೇಲಿನ ಪ್ರಶ್ನೆಗೆ ಉತ್ತರ ಗೊತ್ತಾ?’ ಅಂತ ಬರೆದರೆ ಕೆಲವರಿಗೆ ಮೇಲೆ ಪ್ರಶ್ನೆಯೇ ಇರುವುದಿಲ್ಲ.

ನಮ್ಮ ಸಾಲು ಹೀಗಿರಲಿ: “ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ.” ಚಿಕ್ಕದು. ಏಳು ಸ್ಲೈಡ್‌ಗಳಲ್ಲಿ ಎಲ್ಲೂ ಇಲ್ಲದ್ದು. ಯಾವ ಸ್ಲೈಡ್‌ನ ಕೆಳಗೆ ಕಂಡರೂ ಅರ್ಥವಾಗುತ್ತದೆ. ‘ಹಾಗಾದರೆ ಗಿಡ ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ?’ ಅನ್ನುವ ಪ್ರಶ್ನೆಯನ್ನು ತಾನೇ ಎಬ್ಬಿಸುತ್ತದೆ.

6. ಪೂರ್ತಿ ಕ್ಯಾಪ್ಷನ್ ಬರೆಯಿರಿ

ಮೊದಲು, ನಾವು ಬೇಡ ಅನ್ನುತ್ತಿರುವ ಕ್ಯಾಪ್ಷನ್ ನೋಡಿ:

> ಎಲೆ ಹಳದಿಯಾಗ್ತಿದೆಯಾ? ಹೆಚ್ಚಾಗಿ ನೀರು ಜಾಸ್ತಿಯಾಗಿರುತ್ತದೆ! ಬೆರಳಿನಿಂದ ಮಣ್ಣಿನ ತೇವ ಪರೀಕ್ಷಿಸಿ. ಕುಂಡದ ತೂತು ಮತ್ತು ತಟ್ಟೆ ನೋಡಿ. ಬೇರು ಕೊಳೆತಿದೆಯಾ ಗಮನಿಸಿ. ಉಪಯೋಗ ಆಯ್ತಾ? ಸೇವ್ ಮಾಡಿ, ಶೇರ್ ಮಾಡಿ!

ಇದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ಒಂದನೆಯ ಹಂತದ ‘ಬೇಡ’ ಪಟ್ಟಿ ಇಟ್ಟುಕೊಂಡು ಹೊಡೆದು ಹಾಕುತ್ತಾ ಬಂದರೆ ‘ಉಪಯೋಗ ಆಯ್ತಾ?’ ಮತ್ತು ‘ಶೇರ್ ಮಾಡಿ’ ಮಾತ್ರ ಉಳಿಯುತ್ತವೆ. ಈಗ ಇನ್ನೊಂದು:

> ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ.
>
> ಅದಕ್ಕೇ ಗಿಡ ಸುಧಾರಿಸಿತಾ ಅಂತ ಆ ಎಲೆ ನೋಡಿ ಹೇಳೋಕಾಗಲ್ಲ. ನೋಡಬೇಕಾದ್ದು ಹೊಸ ಚಿಗುರನ್ನು. ಅದು ಹಸಿರಾಗಿ, ಗಟ್ಟಿಯಾಗಿ ಬರುತ್ತಿದ್ದರೆ ಬೇರು ಮತ್ತೆ ಕೆಲಸ ಶುರು ಮಾಡಿದೆ.
>
> ನೀರು ಜಾಸ್ತಿಯಾದರೆ ಗಿಡಕ್ಕೆ ತೊಂದರೆ ಯಾಕೆ? ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವೆ ಬರೀ ನೀರೇ ತುಂಬಿಕೊಂಡರೆ ಬೇರು ಉಸಿರಾಡಲಾರದು. ಉಸಿರು ಕಟ್ಟಿದ ಬೇರು ನೀರನ್ನೂ ಮೇಲೆತ್ತಲಾರದು. ಹಾಗಾಗಿ ಮಣ್ಣು ಒದ್ದೆ ಇದ್ದರೂ ಗಿಡ ಬಾಡಿದಂತೆ ಕಾಣುತ್ತದೆ. ಅದನ್ನು ನೋಡಿ ನಾವು ಇನ್ನಷ್ಟು ನೀರು ಹಾಕುತ್ತೇವೆ.
>
> ತೀರಾ ಕೆಳಗಿನ ಹಳೆಯ ಎಲೆ ಒಂದೇ ಹಳದಿಯಾಗಿದ್ದು, ಉಳಿದದ್ದೆಲ್ಲ ಚೆನ್ನಾಗಿದ್ದರೆ ಚಿಂತೆ ಬೇಡ. ಅದಕ್ಕೆ ವಯಸ್ಸಾಗಿರಬಹುದು.
>
> 3ನೇ ಸ್ಲೈಡ್‌ನ ಬೆರಳಿನ ಪರೀಕ್ಷೆ ಮಾಡಿ ನೋಡಿ. ನಿಮ್ಮ ಗಿಡ ಯಾವುದು, ಮಣ್ಣು ಒದ್ದೆ ಇತ್ತಾ, ಒಣಗಿತ್ತಾ ಅಂತ ಕಾಮೆಂಟ್‌ನಲ್ಲಿ ತಿಳಿಸಿ.

ಇಲ್ಲಿ ಸ್ಲೈಡ್‌ನ ಪ್ರಸ್ತಾಪ ಒಂದೇ ಕಡೆ ಬರುತ್ತದೆ, ಅದೂ ಸಂಖ್ಯೆಯ ಮೂಲಕ. ‘3ನೇ ಸ್ಲೈಡ್’ ಅಂದರೆ ಓದುಗರು ವಾಪಸ್ ಹೋಗಿ ನೋಡುತ್ತಾರೆ. ಆ ಸ್ಲೈಡ್‌ನ ಮಾತನ್ನು ಪೂರ್ತಿ ಮತ್ತೆ ಬರೆದರೆ ವಾಪಸ್ ಹೋಗುವ ಅಗತ್ಯವೇ ಇರುವುದಿಲ್ಲ. ಒಂದೇ ಒಂದು ಎಚ್ಚರಿಕೆ: ಪೋಸ್ಟ್ ಹಾಕುವ ಮುನ್ನ ಸ್ಲೈಡ್‌ಗಳ ಕ್ರಮ ಬದಲಿಸಿದರೆ ಈ ಸಂಖ್ಯೆಯನ್ನೂ ಬದಲಿಸಿ.

ಕೊನೆಯ ಪ್ರಶ್ನೆಯನ್ನೂ ನೋಡಿ. ‘ಉಪಯೋಗ ಆಯ್ತಾ?’ ಅಂದರೆ ‘ಆಯ್ತು’ ಅಂತ ಬರುತ್ತದೆ, ಅಲ್ಲಿಗೆ ಮುಗಿಯಿತು. ಸ್ಲೈಡ್‌ನಲ್ಲಿ ಹೇಳಿದ್ದನ್ನು ಮಾಡಿದವರು ಮಾತ್ರ ಉತ್ತರಿಸಬಹುದಾದ ಪ್ರಶ್ನೆ ಕೇಳಿದರೆ ಕಾಮೆಂಟ್‌ಗಳಲ್ಲಿ ವಿಷಯ ಬರುತ್ತದೆ. ‘ಸೇವ್ ಮಾಡಿ’ ಅನ್ನುವ ಮಾತು ಏಳನೆಯ ಸ್ಲೈಡ್‌ನಲ್ಲಿ ಇದೆ, ಅದು ಅಲ್ಲೇ ಇರಲಿ.

7. ಒಂದನ್ನು ಮುಚ್ಚಿ ಇನ್ನೊಂದನ್ನು ಓದಿ

ಮೊದಲು ಕ್ಯಾಪ್ಷನ್ ಮುಚ್ಚಿ ಸ್ಲೈಡ್‌ಗಳನ್ನು ಮಾತ್ರ ನೋಡಿ. ಅಷ್ಟರಿಂದಲೇ ಕೆಲಸ ಮಾಡಲು ಆಗಬೇಕು. ಆಗದಿದ್ದರೆ ಕ್ಯಾಪ್ಷನ್‌ಗೆ ತುಂಬ ಸಾಗಿಸಿಬಿಟ್ಟಿದ್ದೀರಿ. ಪುನರಾವರ್ತನೆ ತಪ್ಪಿಸುವ ಹುಮ್ಮಸ್ಸಿನಲ್ಲಿ ಇದು ಸುಲಭವಾಗಿ ಆಗುತ್ತದೆ.

ಆಮೇಲೆ ಸ್ಲೈಡ್ ಮುಚ್ಚಿ ಕ್ಯಾಪ್ಷನ್ ಓದಿ. ವಿಷಯ ಏನು ಅಂತ ಗೊತ್ತಾಗಬೇಕು, ಆದರೆ ‘ಹಾಗಾದರೆ ನಾನೇನು ಮಾಡಬೇಕು?’ ಅನ್ನುವ ಪ್ರಶ್ನೆ ಉಳಿಯಬೇಕು. ಅದಕ್ಕೆ ಉತ್ತರ ಸ್ಲೈಡ್‌ಗಳಲ್ಲಿದೆ. ಕ್ಯಾಪ್ಷನ್ ಒಂದರಿಂದಲೇ ಹೆಜ್ಜೆ ಹೆಜ್ಜೆಯೂ ತಿಳಿದುಹೋದರೆ ಎಲ್ಲೋ ಪುನರಾವರ್ತನೆ ನುಸುಳಿದೆ. ಆ ವಾಕ್ಯ ಹುಡುಕಿ ತೆಗೆಯಿರಿ.

ಮತ್ತೆ ಹೇಳಲೇಬೇಕಾದದ್ದು

ವಿಷಯದ ಹೆಸರು ಎರಡೂ ಕಡೆ ಇರಬೇಕು. ಜನ ‘ಹಳದಿ ಎಲೆ’, ‘ಕುಂಡದ ಗಿಡ’ ಅಂತ ಹುಡುಕುತ್ತಾರೆ. ಹುಡುಕಾಟಕ್ಕೆ ನೆಚ್ಚಿಕೊಳ್ಳಬಹುದಾದದ್ದು ಕ್ಯಾಪ್ಷನ್‌ನಲ್ಲಿ ಟೈಪ್ ಮಾಡಿದ ಪದ, ಚಿತ್ರದೊಳಗಿನ ಅಕ್ಷರ ಅಲ್ಲ. ನಮ್ಮ ಕ್ಯಾಪ್ಷನ್‌ನಲ್ಲಿ ‘ಕುಂಡ’ ಅನ್ನುವ ಪದವೇ ಇಲ್ಲ, ಗಮನಿಸಿದಿರಾ? ಮೂರನೆಯ ಪ್ಯಾರಾದ ಮೊದಲ ವಾಕ್ಯವನ್ನು ‘ನೀರು ಜಾಸ್ತಿಯಾದರೆ ಕುಂಡದ ಗಿಡಕ್ಕೆ ತೊಂದರೆ ಯಾಕೆ?’ ಅಂತ ಮಾಡಿದರೆ ಸಾಕು. ಪದ ಮತ್ತೆ ಬರಲಿ, ಪರವಾಗಿಲ್ಲ. ವಾಕ್ಯ ಮತ್ತೆ ಬರಬಾರದು, ಅಷ್ಟೇ.

ಇನ್ನೊಂದು, ಕಣ್ಣು ಕಾಣದ ಓದುಗರ ವಿಷಯ. ಅವರು ಬಳಸುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಪಠ್ಯವನ್ನು ದನಿಯಲ್ಲಿ ಓದಿ ಹೇಳುವ ಸಾಧನ, ಚಿತ್ರದೊಳಗಿನ ಅಕ್ಷರವನ್ನು ಸರಿಯಾಗಿ ಓದುತ್ತದೆ ಅಂತ ನಂಬಲು ಆಗುವುದಿಲ್ಲ. ‘ಹಾಗಾದರೆ ಸ್ಲೈಡ್‌ಗಳ ಮಾತೆಲ್ಲ ಕ್ಯಾಪ್ಷನ್‌ನಲ್ಲಿ ಇರಬೇಕಲ್ವಾ?’ ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕೆ ಬೇರೆ ಜಾಗ ಇದೆ. ಪೋಸ್ಟ್ ಹಾಕುವಾಗ ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್ ಸೇರಿಸಬಹುದು. ಚಿತ್ರದ ಬದಲಿಗೆ ಓದಿ ಹೇಳಲು ಬಳಸುವ ವಿವರಣೆ ಅದು. ಆ ಸ್ಲೈಡ್‌ನ ಪಠ್ಯವನ್ನು ಪೂರ್ತಿಯಾಗಿ, ಇದ್ದ ಹಾಗೇ ಅಲ್ಲಿ ಹಾಕಿ. ಇದನ್ನು ದಯವಿಟ್ಟು ಬಿಡಬೇಡಿ. ಏಳು ಸ್ಲೈಡ್‌ಗೆ ಕೆಲವು ನಿಮಿಷದ ಕೆಲಸ, ಪಠ್ಯ ನಿಮ್ಮ ಒಂದನೆಯ ಹಂತದ ಹಾಳೆಯಲ್ಲಿ ಆಗಲೇ ಇದೆ. ಮೂರನೆಯ ಹಂತದಲ್ಲಿ ತಿದ್ದಿದ ಸ್ಲೈಡ್‌ಗಳಿಗೆ ಮಾತ್ರ ತಿದ್ದಿದ ಪಠ್ಯವನ್ನೇ ಹಾಕಿ.

ಲಿಂಕ್ಡ್‌ಇನ್‌ನಲ್ಲಿ ಹಾಕುವುದಾದರೆ

ಅಲ್ಲಿ ಪಿಡಿಎಫ್ ಏರಿಸಿದರೆ ಅದರ ಪುಟಗಳು ಸ್ಲೈಡ್‌ಗಳಂತೆ ಕಾಣುತ್ತವೆ. ಆದರೆ ಪಠ್ಯ ಸ್ಲೈಡ್‌ನ ಮೇಲೆ ಬರುತ್ತದೆ, ಕೆಳಗಲ್ಲ. ಓದುಗರು ಮೊದಲು ನೋಡುವುದೇ ನಿಮ್ಮ ಬರಹವನ್ನು. ಆಗ ‘ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ’ ಅನ್ನುವುದು ಸ್ಲೈಡ್ ನೋಡಿದ ಮೇಲಿನ ಮಾತಾಗಿ ಉಳಿಯುವುದಿಲ್ಲ, ಮುನ್ನುಡಿಯಾಗುತ್ತದೆ. ಕಾರಣದ ಪ್ಯಾರಾವನ್ನು ಮೇಲಕ್ಕೆ ತಂದು, ಚಿಗುರಿನ ಮಾತನ್ನು ಕೊನೆಗೆ ಇಟ್ಟರೆ ಓದು ಸಲೀಸಾಗುತ್ತದೆ.

ಪೋಸ್ಟ್ ಹಾಕಿದ ಮೇಲೆ

ಸ್ಲೈಡ್‌ನೊಳಗಿನ ಅಕ್ಷರವನ್ನು ಆಮೇಲೆ ತಿದ್ದಲು ಆಗುವುದಿಲ್ಲ. ಕ್ಯಾಪ್ಷನ್ ತಿದ್ದಬಹುದು. ಇಬ್ಬರು ಮೂವರು ಒಂದೇ ಪ್ರಶ್ನೆ ಕೇಳಿದರೆ, ಉದಾಹರಣೆಗೆ ‘ಹಳದಿ ಎಲೆ ಕತ್ತರಿಸಿ ತೆಗೆಯಲಾ?’ ಅಂತ, ಪ್ರತಿಯೊಬ್ಬರಿಗೂ ಉತ್ತರ ಕೊಟ್ಟ ಮೇಲೆ ಅದನ್ನು ಕ್ಯಾಪ್ಷನ್‌ಗೂ ಒಂದು ಸಾಲಿನಲ್ಲಿ ಸೇರಿಸಿ.

ಸ್ಲೈಡ್‌ನಲ್ಲೇ ತಪ್ಪಾಗಿದ್ದರೆ ತಿದ್ದುಪಡಿಯನ್ನು ಕ್ಯಾಪ್ಷನ್‌ನ ತೀರಾ ಮೊದಲ ಸಾಲಿನಲ್ಲಿ, ಸ್ಲೈಡ್ ಸಂಖ್ಯೆಯೊಂದಿಗೆ ಹಾಕಿ. ಕೆಳಗೆ ಹಾಕಿದರೆ “more” ಹಿಂದೆ ಅಡಗಿಹೋಗುತ್ತದೆ. ಆ ತಪ್ಪಿನಿಂದ ಯಾರಿಗಾದರೂ ಹಾನಿ ಆಗಬಹುದು ಅನ್ನಿಸಿದರೆ ಕ್ಯಾಪ್ಷನ್ ತಿದ್ದುವುದರಲ್ಲಿ ಸಮಯ ಕಳೆಯಬೇಡಿ. ಪೋಸ್ಟ್ ತೆಗೆದು, ಸ್ಲೈಡ್ ಸರಿಮಾಡಿ, ಮತ್ತೆ ಹಾಕಿ.